ಆಗುಂಬೆ ಘಾಟಿಯಲ್ಲಿ ಮೋಡ ಹುಟ್ಟುವ ಬಗೆ

ಮಳೆಗಾಲದಲ್ಲಿ ಸೋಮೇಶ್ವರದಿಂದ ಹೊರಟ ಬಸ್ಸು ಆಗುಂಬೆ ಘಾಟಿಯ 14 ತಿರುವುಗಳನ್ನು ಒಂದೊಂದಾಗಿ ಏರುತ್ತದೆ. ಕೆಳಗೆ ನಿಚ್ಚಳವಾಗಿದ್ದ ದಾರಿ ಮೇಲಿನ ತಿರುವುಗಳಲ್ಲಿ ಬೆಳ್ಳಗೆ ಮುಚ್ಚಿಹೋಗುತ್ತದೆ. ಚಾಲಕ ಹಗಲಲ್ಲೇ ದೀಪ ಹಾಕುತ್ತಾನೆ. ಪ್ರಯಾಣಿಕರು ಮಂಜು ಎನ್ನುತ್ತಾರೆ, ಆದರೆ ಬಸ್ಸು ಹೊಕ್ಕಿರುವುದು ಮೋಡದೊಳಕ್ಕೆ.

ಅರಬ್ಬಿ ಸಮುದ್ರದಿಂದ ಬೀಸುವ ಗಾಳಿಗೆ ಘಟ್ಟ ಅಡ್ಡ ನಿಂತಿದೆ. ಹಿಂದಿನಿಂದ ಬರುವ ಗಾಳಿ ತಳ್ಳುತ್ತಲೇ ಇರುವುದರಿಂದ ಮುಂದಿನದು ಮೇಲೇರದೆ ವಿಧಿಯಿಲ್ಲ. ಏರಿದಷ್ಟೂ ಸುತ್ತಲಿನ ಒತ್ತಡ ಕಡಿಮೆಯಾಗಿ ಆ ಗಾಳಿ ಹಿಗ್ಗುತ್ತದೆ. ಹಿಗ್ಗಬೇಕಾದರೆ ಅಕ್ಕಪಕ್ಕದ ಗಾಳಿಯನ್ನು ಒತ್ತರಿಸಬೇಕು. ಆ ಕೆಲಸಕ್ಕೆ ಬೇಕಾದ ಶಕ್ತಿ ಹೊರಗಿನಿಂದ ಸಿಗುವುದಿಲ್ಲ, ತನ್ನ ಶಾಖವನ್ನೇ ಖರ್ಚು ಮಾಡಬೇಕು. ಸೈಕಲ್ ಟಯರಿನ ಗಾಳಿ ಬಿಡುವಾಗ ಬೆರಳಿಗೆ ತಣ್ಣಗೆ ತಾಗುವುದೂ ಇದೇ ಕಾರಣಕ್ಕೆ.

ಲೆಕ್ಕ ಸುಲಭ. ಗಾಳಿ ಕರಾವಳಿಯಲ್ಲಿ 28 ಡಿಗ್ರಿ ಸೆಲ್ಸಿಯಸ್ ಇದೆ, 24ಕ್ಕೆ ಇಳಿದರೆ ಅದರ ಆವಿ ನೀರಾಗತೊಡಗುತ್ತದೆ ಎಂದುಕೊಳ್ಳೋಣ. ಈ 24 ಅದರ ಇಬ್ಬನಿ ಬಿಂದು. ನೂರು ಮೀಟರ್ ಏರಿದರೆ ಗಾಳಿ ಸುಮಾರು ಒಂದು ಡಿಗ್ರಿ ತಣಿಯುತ್ತದೆ. ಗಾಳಿ ಹಿಗ್ಗಿ ಆವಿಯೂ ತೆಳುವಾಗುವುದರಿಂದ ಇಬ್ಬನಿ ಬಿಂದು ಕೂಡ 0.2 ಡಿಗ್ರಿಯಷ್ಟು ಜಾರುತ್ತದೆ. ಹಾಗಾಗಿ ಎರಡರ ನಡುವಿನ ನಾಲ್ಕು ಡಿಗ್ರಿ ಅಂತರ ಮುಗಿಯುವುದು ಸುಮಾರು 500 ಮೀಟರಿನಲ್ಲಿ. ಆಗುಂಬೆ ಇರುವುದು 640 ಮೀಟರ್ ಆಸುಪಾಸಿನಲ್ಲಿ! ಗಾಳಿ ಇನ್ನಷ್ಟು ತೇವವಾಗಿದ್ದ ದಿನ ಮೋಡದ ತಳ ಇನ್ನೂ ಕೆಳಗೆ ಇಳಿದಿರುತ್ತದೆ.

ಆದರೆ ತಣಿದ ಮಾತ್ರಕ್ಕೆ ಹನಿಯಾಗುವುದಿಲ್ಲ. ಆವಿಯ ಕೆಲವೇ ಅಣುಗಳು ಒಂದಕ್ಕೊಂದು ಅಂಟಿಕೊಂಡರೆ ಆಗುವ ಹನಿ ಎಷ್ಟು ಪುಟ್ಟದೆಂದರೆ, ಬೆಳೆಯುವ ಮೊದಲೇ ಆರಿಹೋಗುತ್ತದೆ. ಕೂರಲು ಒಂದು ಕಣ ಬೇಕು. ಸ್ಕಾಟ್ಲೆಂಡಿನ ಜಾನ್ ಏಟ್ಕನ್ 1880ರ ಹೊತ್ತಿಗೆ ಇದನ್ನು ಎರಡು ಪಾತ್ರೆಗಳಲ್ಲಿ ತೋರಿಸಿದ. ಒಂದರಲ್ಲಿ ಮಾಮೂಲಿ ಗಾಳಿ, ಇನ್ನೊಂದರಲ್ಲಿ ಹತ್ತಿಯ ಮೂಲಕ ಸೋಸಿದ ಗಾಳಿ. ಎರಡಕ್ಕೂ ಹಬೆ ಬಿಟ್ಟಾಗ ಮೊದಲನೆಯದು ದಟ್ಟ ಮಂಜಿನಿಂದ ತುಂಬಿತು, ಎರಡನೆಯದು ತಿಳಿಯಾಗಿಯೇ ಉಳಿಯಿತು.

ಘಟ್ಟದ ಗಾಳಿಯಲ್ಲಿ ಇಂಥ ಕಣಗಳಿಗೆ ಬರವಿಲ್ಲ. ಅಲೆ ಒಡೆದಾಗ ಹಾರಿದ ಉಪ್ಪು, ಹೊಗೆ, ಮಣ್ಣಿನ ಧೂಳು ಎಲ್ಲವೂ ಇರುತ್ತವೆ. ಇವುಗಳಲ್ಲಿ ಉಪ್ಪೇ ಜಾಣ. ಡಬ್ಬಿಯಲ್ಲಿಟ್ಟಾಗಲೂ ನೀರೊಡೆಯುವ ಅದರ ಗುಣ ಇಲ್ಲಿ ಉಪಯೋಗಕ್ಕೆ ಬರುತ್ತದೆ: ಗಾಳಿ ಪೂರ್ತಿ ತಣಿಯುವ ಮೊದಲೇ ನೀರು ಹೀರಿ ಹನಿಯ ಬೆಳವಣಿಗೆಗೆ ಬುನಾದಿ ಹಾಕಿಡುತ್ತದೆ.

ಕಣಗಳು ಹೆಚ್ಚಿದಷ್ಟೂ ಮಳೆ ಹೆಚ್ಚುತ್ತದೆ ಎಂದೇನೂ ಇಲ್ಲ. ಸಾಮಾನ್ಯ ಮಳೆಹನಿಯೊಂದಕ್ಕೆ ಸುಮಾರು ಹತ್ತು ಲಕ್ಷ ಮೋಡದ ಹನಿಗಳ ನೀರು ಬೇಕು. ಹೊಗೆ ತುಂಬಿದ ಗಾಳಿಯಲ್ಲಿ ಅಷ್ಟೇ ಆವಿ ಅಸಂಖ್ಯ ಕಣಗಳಿಗೆ ಹಂಚಿಹೋಗುತ್ತದೆ. ಹನಿಗಳೆಲ್ಲ ಚಿಕ್ಕವಾಗಿ, ಡಿಕ್ಕಿ ಹೊಡೆದು ಕೂಡಿಕೊಳ್ಳುವುದೇ ಕಷ್ಟವಾಗುತ್ತದೆ. ಮೋಡ ಬೆಳ್ಳಗೆ ಹೊಳೆಯುತ್ತದೆ, ಸುರಿಯಲು ತಡಮಾಡುತ್ತದೆ.

ಘಟ್ಟ ದಾಟಿ ಪೂರ್ವಕ್ಕೆ ಇಳಿಯುವ ಗಾಳಿಯದ್ದು ಉಲ್ಟಾ ದಾರಿ. ಒತ್ತಡಕ್ಕೆ ಸಿಕ್ಕಿ ಕುಗ್ಗಿ ಬಿಸಿಯಾಗುತ್ತದೆ, ಉಳಿದ ಹನಿಗಳು ಮತ್ತೆ ಆವಿಯಾಗುತ್ತವೆ. ಚಿತ್ರದುರ್ಗದ ಕಡೆ ಮುಂಗಾರಿನ ಗಾಳಿ ಜೋರಾಗಿಯೇ ಬೀಸಿದರೂ ಮಳೆ ಕೈಕೊಡುವುದಕ್ಕೆ ಇದೊಂದು ಮುಖ್ಯ ಕಾರಣ.