ಹೆಸರಿನ ಕೆಳಗಿನ ಆ ಒಂದು ಸಾಲು

ಲಿಂಕ್ಡ್‌ಇನ್‌ನಲ್ಲಿ ನಿಮ್ಮ ಹೆಸರಿನ ಕೆಳಗೆ ಒಂದು ಸಾಲು ಇರುತ್ತದೆ. ಅದಕ್ಕೆ ಹೆಡ್‌ಲೈನ್ ಎನ್ನುತ್ತಾರೆ. ನೀವೇ ಬರೆಯದಿದ್ದರೆ ಸದ್ಯದ ಹುದ್ದೆ ಮತ್ತು ಕಂಪನಿಯ ಹೆಸರನ್ನು ತೆಗೆದುಕೊಂಡು ತಾಣವೇ ಅದನ್ನು ತುಂಬಿಬಿಡುತ್ತದೆ. ತುಂಬ ಜನ ಅದನ್ನು ಹಾಗೆಯೇ ಬಿಟ್ಟಿರುತ್ತಾರೆ. ಕೆಲಸಕ್ಕೆ ಜನ ಹುಡುಕುವ ಎಚ್‌ಆರ್ ಸಿಬ್ಬಂದಿಯ ಪರದೆಯಲ್ಲಿ ಮೊದಲು ಕಾಣುವುದು ಒಂದು ಪಟ್ಟಿ: ಫೋಟೊ, ಹೆಸರು, ಈ ಸಾಲು, ಊರು. ಯಾರ ಪ್ರೊಫೈಲ್ ತೆರೆಯಬೇಕು, ಯಾರದನ್ನು ಬಿಟ್ಟು ಮುಂದೆ ಹೋಗಬೇಕು ಎಂಬುದು ಬಹುಮಟ್ಟಿಗೆ ಅಲ್ಲೇ ತೀರ್ಮಾನವಾಗುತ್ತದೆ.

ಈ ಸಾಲಿಗೆ 220 ಅಕ್ಷರಗಳ ಮಿತಿ ಇದೆ. ಆದರೆ ಅಷ್ಟೂ ಎಲ್ಲ ಕಡೆ ಕಾಣುವುದಿಲ್ಲ. ಮೊಬೈಲಿನಲ್ಲಿ, ಪರಿಚಯ ಕೋರಿ ಕಳಿಸುವ ವಿನಂತಿಯಲ್ಲಿ, ನೀವು ಎಲ್ಲಾದರೂ ಹಾಕಿದ ಪ್ರತಿಕ್ರಿಯೆಯ ಮೇಲೆ ಅದು ಅರ್ಧಕ್ಕೇ ತುಂಡಾಗುತ್ತದೆ. ಹಾಗಾಗಿ ಮುಖ್ಯವಾದದ್ದು ಮೊದಲ ನಾಲ್ಕೈದು ಪದಗಳಲ್ಲೇ ಬಂದುಬಿಡಬೇಕು. ಏನು ಕೆಲಸ, ಯಾವುದರಲ್ಲಿ ಪಳಗಿದವರು, ಎಷ್ಟು ಹಿರಿಯರು ಎಂಬ ಮೂರು ಪ್ರಶ್ನೆಗಳಿಗೆ ಇದೇ ಕ್ರಮದಲ್ಲಿ ಉತ್ತರ ಸಿಗಬೇಕು.

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಪೀಣ್ಯದ ಕಡೆ ವಾಹನಗಳ ಬಿಡಿಭಾಗ ಮಾಡುವ ಕಾರ್ಖಾನೆಯೊಂದರಲ್ಲಿ ಒಬ್ಬರು ಇದ್ದಾರೆ ಎಂದುಕೊಳ್ಳಿ. ಮೆಕ್ಯಾನಿಕಲ್ ಡಿಪ್ಲೊಮಾ, 9 ವರ್ಷದ ಅನುಭವ. ಬಿಡಿಭಾಗ ಪೂರೈಸುವ ಇಪ್ಪತ್ತು ಸಣ್ಣ ಘಟಕಗಳ ಗುಣಮಟ್ಟ ನೋಡಿಕೊಳ್ಳುವುದು ಅವರ ಕೆಲಸ. ಕೈಕೆಳಗೆ ನಾಲ್ಕು ಜನ. ಅವರ ಈಗಿನ ಸಾಲು ಹೀಗಿದೆ:

ಸೀನಿಯರ್ ಎಕ್ಸಿಕ್ಯೂಟಿವ್ – ಕ್ಯೂಎ | ಹಾರ್ಡ್ ವರ್ಕಿಂಗ್ | ಟೀಮ್ ಪ್ಲೇಯರ್ | ಸೀಕಿಂಗ್ ನ್ಯೂ ಆಪರ್ಚುನಿಟೀಸ್

ಇದರಲ್ಲಿ ಸುಳ್ಳೇನೂ ಇಲ್ಲ, ಆದರೆ ಇದನ್ನು ನೋಡಿ ಅವರನ್ನು ಯಾರೂ ಹುಡುಕಿ ತೆಗೆಯಲಾರರು. ‘ಸೀನಿಯರ್ ಎಕ್ಸಿಕ್ಯೂಟಿವ್’ ಎನ್ನುವುದು ಆ ಕಂಪನಿ ತನ್ನ ಅನುಕೂಲಕ್ಕೆ ಕೊಟ್ಟ ಹೆಸರು. ನಮ್ಮಲ್ಲಿ ಎಕ್ಸಿಕ್ಯೂಟಿವ್ ಎಂದರೆ ಆರಂಭದ ಹಂತದ ನೌಕರ, ಅಮೆರಿಕದ ಕಂಪನಿಗೆ ಅದೇ ಪದ ಎತ್ತರದ ಅಧಿಕಾರಿಯನ್ನು ಸೂಚಿಸುತ್ತದೆ. ಬೆಂಗಳೂರಿನಲ್ಲಿರುವ ವಿದೇಶಿ ಬ್ಯಾಂಕುಗಳ ಕಚೇರಿಗಳಲ್ಲಂತೂ ಹತ್ತು ಹನ್ನೆರಡು ವರ್ಷ ಕೆಲಸ ಮಾಡಿದವರು ‘ವೈಸ್ ಪ್ರೆಸಿಡೆಂಟ್’ ಆಗಿರುವುದು ಸಾಮಾನ್ಯ. ಹೊರಗಿನವರಿಗೆ ಅದರಿಂದ ಹಿರಿತನದ ಅಂದಾಜು ಸಿಗುವುದಿಲ್ಲ. ಹೀಗಾಗಿ ಸಾಲಿನ ಮೊದಲಿಗೆ ಬರಬೇಕಾದದ್ದು ಕಂಪನಿ ಕೊಟ್ಟ ಪದವಿಯಲ್ಲ, ಹೊರಗಿನವರು ಆ ಕೆಲಸವನ್ನು ಕರೆಯುವ ಹೆಸರು.

ಆ ಹೆಸರನ್ನು ತಲೆಯಿಂದ ತೆಗೆಯಬೇಕಾಗಿಲ್ಲ. ನಿಮಗೆ ಬೇಕೆನಿಸುವಂಥ ಹತ್ತು ಹದಿನೈದು ಉದ್ಯೋಗ ಜಾಹೀರಾತು ತೆರೆದು, ಪ್ರತಿಯೊಂದರ ಶೀರ್ಷಿಕೆಯನ್ನೂ ಕೇಳಿರುವ ಕೌಶಲಗಳನ್ನೂ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಮತ್ತೆ ಮತ್ತೆ ಬರುವ ಪದಗಳು ತಾವಾಗಿಯೇ ಎದ್ದು ಕಾಣುತ್ತವೆ. ನಮ್ಮ ಉದಾಹರಣೆಯವರಿಗೆ ಹಾಗೆ ಸಿಗುವ ಹೆಸರು ‘ಸಪ್ಲೈಯರ್ ಕ್ವಾಲಿಟಿ ಇಂಜಿನಿಯರ್’. ಎಚ್‌ಆರ್‌ನವರು ಹುಡುಕಾಟದ ಜಾಗದಲ್ಲಿ ಟೈಪ್ ಮಾಡುವುದೂ ಬಹುತೇಕ ಜಾಹೀರಾತಿನಲ್ಲಿ ತಾವೇ ಬರೆದಿರುವ ಪದಗಳನ್ನೇ. ‘ಕ್ಯೂಎ’ ಎಂದಷ್ಟೇ ಬರೆದರೆ ಸಾಫ್ಟ್‌ವೇರ್ ಪರೀಕ್ಷಿಸುವವರ ಗುಂಪಿನಲ್ಲಿ ಇವರು ಕಳೆದುಹೋಗುತ್ತಾರೆ.

ಇನ್ನು ಪಳಗಿದ ವಿಷಯ. ಇಲ್ಲಿ ಕೌಶಲದ ಹೆಸರು ಬೇಕು, ಸ್ವಭಾವದ ವರ್ಣನೆ ಬೇಡ. ‘ಹಾರ್ಡ್ ವರ್ಕಿಂಗ್’ ಎಂದು ಯಾರೂ ಹುಡುಕುವುದಿಲ್ಲ. ಹುಡುಕಿದರೂ, ಅಲ್ಲ ಎಂದು ಬರೆದುಕೊಂಡವರು ಯಾರಿದ್ದಾರೆ? ಆ ಕಾರ್ಖಾನೆಯಲ್ಲಿ ಇವರು ನಿಜವಾಗಿ ಮಾಡುವುದನ್ನು ನೋಡಿ. ಹೊಸ ಬಿಡಿಭಾಗವನ್ನು ರಾಶಿಯಲ್ಲಿ ಪೂರೈಸುವ ಮೊದಲು ಮಾದರಿ, ಅಳತೆಯ ದಾಖಲೆ, ಕಾಗದಪತ್ರ ಎಲ್ಲ ಕೊಟ್ಟು ಒಪ್ಪಿಗೆ ಪಡೆಯುವ ಕ್ರಮಕ್ಕೆ ಪಿಪಿಎಪಿ ಎನ್ನುತ್ತಾರೆ. ಅದನ್ನು ಇವರು ಪರಿಶೀಲಿಸುತ್ತಾರೆ. ನಕ್ಷೆಯಲ್ಲಿ ಆಕಾರಕ್ಕೂ ಸ್ಥಾನಕ್ಕೂ ಎಷ್ಟು ವ್ಯತ್ಯಾಸ ಒಪ್ಪಬಹುದು ಎಂದು ತೋರಿಸುವ ಚಿಹ್ನೆಗಳನ್ನು, ಅಂದರೆ ಜಿಡಿ ಅಂಡ್ ಟಿ, ಓದಬಲ್ಲರು. ತುದಿ ತಾಗಿಸಿ ಅಳೆಯುವ ಸಿಎಂಎಂ ಯಂತ್ರ ನಡೆಸಬಲ್ಲರು. ಈ ಮೂರೂ ಆ ಉದ್ಯಮದ ಒಳಗಿನವರಿಗೆ ಒಂದೇ ನೋಟಕ್ಕೆ ಹೊಳೆಯುವ ಪದಗಳು. ಮೂರು ಸಾಕು. ಎಂಟು ಹತ್ತು ತುಂಬಿದರೆ ಎಲ್ಲದರಲ್ಲೂ ಅಷ್ಟಿಷ್ಟು ಗೊತ್ತಿರುವವರಂತೆ ಕಾಣುತ್ತದೆ. ಉಳಿದವನ್ನು ಪ್ರೊಫೈಲಿನ ಕೌಶಲಗಳ ವಿಭಾಗಕ್ಕೆ ಹಾಕಿದರಾಯಿತು, ಹುಡುಕಾಟಕ್ಕೆ ಅವೂ ಸಿಗುತ್ತವೆ.

ಜನ ಎಡವುವುದು ಹೆಚ್ಚಾಗಿ ಹಿರಿತನದ ಮಾತಿನಲ್ಲಿ. ‘ಸೀನಿಯರ್’, ‘ಲೀಡ್’, ‘ಎಕ್ಸ್‌ಪರ್ಟ್’ ಎಂದು ಬರೆದು ಮುಗಿಸುತ್ತಾರೆ. ಆ ಪದಗಳ ತೂಕ ಕಂಪನಿಯಿಂದ ಕಂಪನಿಗೆ ಬೇರೆ. ಹಿರಿತನವನ್ನು ಹೊರಗಿನವರು ಅಳೆಯುವುದು ಹೊತ್ತ ಹೊಣೆಯಿಂದ: ಎಷ್ಟು ವರ್ಷ, ಎಷ್ಟು ಜನರ ತಂಡ, ಎಷ್ಟು ಪೂರೈಕೆದಾರರು, ಎಷ್ಟು ಶಾಖೆಗಳು. ಅಂಕಿಗೆ ಇನ್ನೊಂದು ಗುಣವಿದೆ. ಸಂದರ್ಶನದಲ್ಲಿ ಅದರ ಬಗ್ಗೆಯೇ ಪ್ರಶ್ನೆ ಬರುತ್ತದೆ, ನಿಜ ಬರೆದವರು ಧೈರ್ಯವಾಗಿ ಉತ್ತರಿಸುತ್ತಾರೆ. ಹಾಗೆ ತಿದ್ದಿದ ಸಾಲು ಇದು:

ಸಪ್ಲೈಯರ್ ಕ್ವಾಲಿಟಿ ಇಂಜಿನಿಯರ್, ಮೆಷಿನ್ಡ್ ಆಟೊ ಪಾರ್ಟ್ಸ್ | ಪಿಪಿಎಪಿ, ಜಿಡಿ ಅಂಡ್ ಟಿ, ಸಿಎಂಎಂ | 9 ವರ್ಷ, 4 ಜನರ ತಂಡ, 20 ಸಪ್ಲೈಯರ್ಸ್

ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ಇದು ನೂರರ ಆಸುಪಾಸು ಅಕ್ಷರವಾಗುತ್ತದೆ, ಮಿತಿಯ ಅರ್ಧಕ್ಕೂ ಕಡಿಮೆ. ಮೊಬೈಲಿನಲ್ಲಿ ತುಂಡಾದರೂ ‘ಸಪ್ಲೈಯರ್ ಕ್ವಾಲಿಟಿ ಇಂಜಿನಿಯರ್’ ಎಂಬುದು ಉಳಿಯುತ್ತದೆ. ಉಳಿದಿರುವ ಜಾಗವನ್ನು ತುಂಬಲೇಬೇಕೆಂಬ ಆಸೆ ಬೇಡ.

‘ಸೀಕಿಂಗ್ ನ್ಯೂ ಆಪರ್ಚುನಿಟೀಸ್’ ಎಲ್ಲಿ ಹೋಯಿತು? ಅದಕ್ಕೆ ಲಿಂಕ್ಡ್‌ಇನ್‌ನಲ್ಲಿ ಬೇರೆಯೇ ವ್ಯವಸ್ಥೆ ಇದೆ. ಕೆಲಸಕ್ಕೆ ಸಿದ್ಧ ಎಂದು ಸೂಚಿಸುವ ‘ಓಪನ್ ಟು ವರ್ಕ್’ ಅನ್ನು ನೇಮಕಾತಿ ಮಾಡುವವರಿಗೆ ಮಾತ್ರ ಕಾಣುವಂತೆ ಇಡಬಹುದು. ನಿಮ್ಮದೇ ಕಂಪನಿಯ ಎಚ್‌ಆರ್‌ಗೆ ಕಾಣದಂತೆ ಮಾಡಲು ತಾಣ ಪ್ರಯತ್ನಿಸುತ್ತದೆ, ಪೂರ್ತಿ ಖಾತರಿ ಮಾತ್ರ ಕೊಡುವುದಿಲ್ಲ. ಹೆಡ್‌ಲೈನಿನಲ್ಲಿ ಬರೆದರೆ ಪಕ್ಕದ ಮೇಜಿನವರೂ ಓದುತ್ತಾರೆ.

ಒಂದು ಎಚ್ಚರಿಕೆ ಹೇಳಲೇಬೇಕು. ಹೆಡ್‌ಲೈನಿನಲ್ಲಿ ಎಲ್ಲರಿಗೂ ಗೊತ್ತಿರುವ ಹೆಸರು ಇರಲಿ, ಆದರೆ ಕೆಳಗೆ ಅನುಭವದ ವಿಭಾಗದಲ್ಲಿ ನೇಮಕಾತಿ ಪತ್ರದಲ್ಲಿರುವ ಹುದ್ದೆಯನ್ನೇ ಅಕ್ಷರ ಬದಲಿಸದೆ ಬರೆಯಿರಿ. ಕೆಲಸ ಸಿಕ್ಕ ಮೇಲೆ ಹೊಸ ಕಂಪನಿ ಹಿನ್ನೆಲೆ ಪರಿಶೀಲನೆ ಮಾಡಿಸಿದಾಗ ಹಳೆಯ ಕಂಪನಿಯ ಎಚ್‌ಆರ್ ದೃಢಪಡಿಸುವುದು ಆ ಪತ್ರದ ಹುದ್ದೆಯನ್ನು. ಅಲ್ಲಿ ‘ಸೀನಿಯರ್ ಎಕ್ಸಿಕ್ಯೂಟಿವ್’ ಇದ್ದು ನೀವು ‘ಮ್ಯಾನೇಜರ್’ ಎಂದು ಬರೆದಿದ್ದರೆ ಕೈಗೆ ಬಂದ ಆಫರ್ ತಪ್ಪಿಹೋಗಬಹುದು. ಮಾಡುವ ಕೆಲಸವನ್ನು ಬಣ್ಣಿಸುವುದಕ್ಕೂ ಇಲ್ಲದ ದರ್ಜೆಯನ್ನು ಏರಿಸಿಕೊಳ್ಳುವುದಕ್ಕೂ ಇರುವ ಗೆರೆ ಇದು.

ಈಗಷ್ಟೇ ಓದು ಮುಗಿಸಿದವರಿಗೆ ಹಿರಿತನದ ಜಾಗದಲ್ಲಿ ಬರೆಯಲು ಏನಿದೆ ಎಂದು ಕೇಳಬಹುದು. ಕೈಯಾರೆ ಮಾಡಿದ್ದು ಇದ್ದೇ ಇರುತ್ತದೆ. ಜಿಟಿಟಿಸಿಯಲ್ಲಿ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ ಮಾಡಿದವರು ಕಾರ್ಖಾನೆಯಲ್ಲಿ ಪಡೆದ ತರಬೇತಿಯನ್ನು, ಯಾವ ಯಂತ್ರದ ಮೇಲೆ ಎಂಬುದರ ಸಮೇತ ಬರೆಯಲಿ. ‘ಆಸ್ಪೈರಿಂಗ್ ಇಂಜಿನಿಯರ್’ ಎಂಬುದಕ್ಕಿಂತ ಅದು ಎಷ್ಟೋ ಮೇಲು.

ಸಾಲು ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ದಾರಿಯಿದೆ. ನೀವು ಎಷ್ಟು ಸಲ ಹುಡುಕಾಟದಲ್ಲಿ ಬಂದಿರಿ, ಎಷ್ಟು ಜನ ಪ್ರೊಫೈಲ್ ನೋಡಿದರು ಎಂಬ ಎರಡು ಲೆಕ್ಕವನ್ನು ಲಿಂಕ್ಡ್‌ಇನ್ ನಿಮಗೆ ತೋರಿಸುತ್ತದೆ. ಬದಲಿಸುವ ಮೊದಲು ಎರಡನ್ನೂ ಬರೆದಿಟ್ಟುಕೊಳ್ಳಿ, ಮೂರ್ನಾಲ್ಕು ವಾರ ಬಿಟ್ಟು ಮತ್ತೆ ನೋಡಿ. ಹುಡುಕಾಟದಲ್ಲೇ ಬರುತ್ತಿಲ್ಲವೆಂದರೆ ಜಾಹೀರಾತಿನ ಪದಗಳು ನಿಮ್ಮ ಪ್ರೊಫೈಲಿನಲ್ಲಿ ಇಲ್ಲ ಎಂದೇ ಹೆಚ್ಚಿನ ಸಂಭವ. ಬರುತ್ತಿದ್ದೂ ಯಾರೂ ತೆರೆಯುತ್ತಿಲ್ಲವೆಂದರೆ ಪದಗಳು ಸರಿಯಿವೆ, ಓದಿದವರಿಗೆ ಹಿರಿತನವೋ ಕ್ಷೇತ್ರವೋ ಸ್ಪಷ್ಟವಾಗಿಲ್ಲ. ಆಗ ಮೊದಲ ಭಾಗವನ್ನು ಮುಟ್ಟದೆ ಕೊನೆಯ ಭಾಗವನ್ನಷ್ಟೇ ತಿದ್ದಿ ನೋಡಬೇಕು. ಬಡ್ತಿಯಾದಾಗ, ತಂಡ ದೊಡ್ಡದಾದಾಗ ಮೊದಲು ಹಳತಾಗುವುದೂ ಆ ಕೊನೆಯ ಭಾಗವೇ. ನಾಲ್ಕು ಜನರ ತಂಡ ಏಳಕ್ಕೆ ಏರಿದ ದಿನವೇ ಆ ಅಂಕಿಯನ್ನು ಬದಲಿಸಿ.