ಕೊಳೆ ಕಾಣದ ಕಾರ್ಪೆಟ್‌ಗೆ ಯಾವ ಬಣ್ಣ?

ಪುಟ್ಟ ಮಕ್ಕಳಿರುವ ಮನೆಗೆ ಕಾರ್ಪೆಟ್ ಕೊಳ್ಳಲು ಹೋದವರು ಅಂಗಡಿಯಲ್ಲಿ ಮೊದಲು ಹೇಳುವ ಮಾತು ಒಂದೇ: ‘ಸ್ವಲ್ಪ ಡಾರ್ಕ್ ಕಲರ್‌ನಲ್ಲಿ ತೋರಿಸಿ, ಕೊಳೆ ಕಾಣಬಾರದು.’ ಅಂಗಡಿಯವರು ಕಡುನೀಲಿ, ಕಾಫಿಪುಡಿ ಬಣ್ಣ, ಮರೂನ್ ಎಲ್ಲವನ್ನೂ ಬಿಡಿಸಿ ಹಾಸುತ್ತಾರೆ. ಆಯ್ದು ಮನೆಗೆ ತಂದ ಕೆಲವೇ ದಿನಗಳಲ್ಲಿ ಆ ಕಡುನೀಲಿಯ ಮೇಲೆ ಮಗು ಚೆಲ್ಲಿದ ಹಾಲು ಬೆಳ್ಳಗೆ ಒಣಗಿರುತ್ತದೆ. ಬಿಸ್ಕತ್ತಿನ ಪುಡಿ, ಮೊಸರನ್ನದ ಅಗುಳು, ನಾಯಿಯ ಕೂದಲು ಒಂದೊಂದೂ ಬೇರೆಬೇರೆಯಾಗಿ ಎಣಿಸುವಷ್ಟು ಸ್ಪಷ್ಟವಾಗಿ ಕಾಣುತ್ತವೆ. ಕಿಟಕಿಯಿಂದ ಬಂದು ಕೂರುವ ದಿನದ ಧೂಳಂತೂ ಮಧ್ಯಾಹ್ನದ ಬೆಳಕಿಗೆ ಬೂದಿ ಚೆಲ್ಲಿದಂತೆ ತೋರುತ್ತದೆ.

ಹಾಗಾದರೆ ತಿಳಿ ಬಣ್ಣವೇ ವಾಸಿಯೇ? ಅದೂ ಅಲ್ಲ. ಕೆನೆ ಬಣ್ಣದ ಕಾರ್ಪೆಟ್ ಮೇಲೆ ಸಾರು, ಕಾಫಿ, ರಾಗಿ ಗಂಜಿ, ಮಳೆಗಾಲದ ಕೆಸರಿನ ಹೆಜ್ಜೆ ಯಾವುದೂ ಮರೆಯಾಗುವುದಿಲ್ಲ. ಮಕ್ಕಳು, ಸಾಕುಪ್ರಾಣಿ ಎರಡೂ ಇರುವ ಮನೆಯಲ್ಲಿ ನೆಲಕ್ಕೆ ಬೀಳುವ ವಸ್ತುಗಳಲ್ಲಿ ಬಿಳಿಯದೂ ಇದೆ, ಕಪ್ಪೂ ಇದೆ. ಆದ್ದರಿಂದ ಎರಡು ತುದಿಯ ಬಣ್ಣಗಳೂ ಸೋಲುತ್ತವೆ.

ಕಲೆ ಕಣ್ಣಿಗೆ ಬೀಳುವುದು ಹೇಗೆ?

ಕಲೆ ಎದ್ದು ಕಾಣಲು ಮುಖ್ಯ ಕಾರಣ ಎರಡು. ಹಿನ್ನೆಲೆಗಿಂತ ಅದು ಎಷ್ಟು ತಿಳಿಯಾಗಿದೆ ಅಥವಾ ಎಷ್ಟು ಗಾಢವಾಗಿದೆ ಎಂಬುದು ಮೊದಲನೆಯದು. ಕೆಂಪು, ಹಸಿರು, ನೀಲಿ ಎಂಬ ವ್ಯತ್ಯಾಸಕ್ಕಿಂತ ಈ ತಿಳಿ–ಗಾಢದ ಅಂತರವನ್ನೇ ನಮ್ಮ ಕಣ್ಣು ಬೇಗ ಹಿಡಿಯುತ್ತದೆ. ಇಟ್ಟಿಗೆ ಬಣ್ಣದ ಹಾಸಿನ ಮೇಲೆ ಅದರಷ್ಟೇ ಗಾಢವಾದ ಕಂದು ಕಲೆ ಬಿದ್ದರೆ ಗಮನಕ್ಕೆ ಬಾರದೇ ಇರಬಹುದು. ಅದೇ ಜಾಗದಲ್ಲಿ ಬಿದ್ದ ಹಾಲು ಬಾಗಿಲಲ್ಲಿ ನಿಂತವರಿಗೂ ಕಾಣುತ್ತದೆ. ಎರಡನೆಯ ಕಾರಣ ಕಲೆಯ ಅಂಚು. ಒಂದೇ ಬಣ್ಣದ ಹಾಸಿನಲ್ಲಿ ಕಲೆಯ ಸುತ್ತಳತೆ ಗೆರೆ ಎಳೆದಂತೆ ಸ್ಪಷ್ಟವಾಗಿರುತ್ತದೆ. ಹಾಸಿನಲ್ಲೇ ಸಣ್ಣಸಣ್ಣ ಬಣ್ಣಗಳು ಬೆರೆತಿದ್ದರೆ ಆ ಅಂಚು ತುಂಡುತುಂಡಾಗಿ, ಎಲ್ಲಿಂದ ಎಲ್ಲಿಯವರೆಗೆ ಕಲೆ ಇದೆ ಎಂದು ಕಣ್ಣಿಗೆ ತಿಳಿಯುವುದಿಲ್ಲ.

ಇದರಿಂದ ಎರಡು ಸೂತ್ರ ಹೊರಡುತ್ತವೆ. ಮೊದಲನೆಯದು, ಬಣ್ಣ ತೀರಾ ತಿಳಿಯೂ ಅಲ್ಲದ, ತೀರಾ ಗಾಢವೂ ಅಲ್ಲದ ನಡುಮಟ್ಟದ್ದಾಗಿರಬೇಕು. ಎರಡನೆಯದು, ಆ ನಡುಮಟ್ಟ ಒಂದೇ ಬಣ್ಣದಿಂದ ಬಂದಿರಬಾರದು. ಮೂರು ನಾಲ್ಕು ಬಣ್ಣಗಳು ಬೆರೆತು ಬಂದಿರಬೇಕು. ಬರೀ ಬೂದು ಬಣ್ಣದ ಕಾರ್ಪೆಟ್ ನಡುಮಟ್ಟದ್ದೇ ಆದರೂ ಪ್ರತಿ ಕಲೆಯನ್ನೂ ತೋರಿಸುವುದು ಈ ಎರಡನೆಯ ಸೂತ್ರ ತಪ್ಪಿದ್ದರಿಂದ.

ಚಿತ್ತಾರದ ಗಾತ್ರವೂ ಮುಖ್ಯ

ಬಣ್ಣ ಬೆರೆತಿದ್ದರೆ ಸಾಕೇ ಎಂದರೆ, ಅದು ಹೇಗೆ ಬೆರೆತಿದೆ ಎಂಬುದನ್ನೂ ನೋಡಬೇಕು. ಪರ್ಷಿಯನ್ ಮಾದರಿಯ ಕೆಲವು ರತ್ನಗಂಬಳಿಗಳಲ್ಲಿ ನಡುವೆ ದೊಡ್ಡ ಪದಕದಂಥ ಚಿತ್ತಾರ, ಸುತ್ತ ಅಗಲವಾದ ಖಾಲಿ ಜಾಗ, ಅಂಚಿನಲ್ಲಿ ಹೂಬಳ್ಳಿ ಇರುತ್ತವೆ. ನೋಡಲು ಭರ್ಜರಿ. ಆದರೆ ಮಗು ಕೂತು ಆಡುವುದು, ನಾಯಿ ಮಲಗುವುದು ಹೆಚ್ಚಾಗಿ ಆ ಖಾಲಿ ಜಾಗದಲ್ಲೇ. ಅಲ್ಲಿ ಬಿದ್ದ ಕಲೆಯನ್ನು ಮರೆಮಾಡಲು ಏನೂ ಇಲ್ಲ. ಹೆರಾಟಿ ಎಂಬ ಇನ್ನೊಂದು ಹಳೆಯ ವಿನ್ಯಾಸದಲ್ಲಿ ಸಣ್ಣ ಹೂವು, ಎಲೆಗಳು ಹಾಸಿನ ತುಂಬ ಒತ್ತೊತ್ತಾಗಿ ಮರುಕಳಿಸುತ್ತವೆ. ನಮ್ಮ ಕೆಲಸಕ್ಕೆ ಇಂಥದ್ದೇ ಬೇಕು. ಚೆಲ್ಲಿದ ಚಮಚೆ ಸಾರು ಅಂಗೈಗಿಂತ ಸಣ್ಣ ಕಲೆಯಾಗುತ್ತದೆ. ಚಿತ್ತಾರದ ತುಣುಕುಗಳು ಅದಕ್ಕಿಂತ ಚಿಕ್ಕದಾಗಿದ್ದರೆ ಕಲೆ ಅವುಗಳ ನಡುವೆ ಸೇರಿಹೋಗುತ್ತದೆ.

ಕೈಯಿಂದ ಹೆಣೆದ ಹಾಸುಗಳಲ್ಲಿ ಇನ್ನೊಂದು ಅನುಕೂಲವಿದೆ. ಬೇರೆಬೇರೆ ಸಲ ಬಣ್ಣ ಹಾಕಿದ ನೂಲು ಬಳಸುವುದರಿಂದ ಒಂದೇ ಕೆಂಪಿನಲ್ಲಿ ಸ್ವಲ್ಪ ತೆಳು, ಸ್ವಲ್ಪ ಗಾಢ ಪಟ್ಟಿಗಳು ಮೂಡಿರುತ್ತವೆ. ಗಂಬಳಿ ವ್ಯಾಪಾರದಲ್ಲಿ ಇದನ್ನು ಅಬ್ರಾಶ್ ಎನ್ನುತ್ತಾರೆ. ಕೊಳ್ಳುವವರು ಇದನ್ನು ದೋಷವೆಂದುಕೊಂಡು ಬದಿಗಿಡುವುದುಂಟು. ಮಕ್ಕಳ ಮನೆಗೆ ಇದು ವರ. ಒಗೆದ ಮೇಲೂ ಉಳಿಯುವ ಮಸುಕು ಛಾಯೆ ಈ ಏರಿಳಿತದಲ್ಲಿ ಒಂದಾಗಿಬಿಡುತ್ತದೆ.

ನಮ್ಮಲ್ಲೇ ಧಾರವಾಡ ಜಿಲ್ಲೆಯ ನವಲಗುಂದದ ಜಮಖಾನೆಯನ್ನು ನೋಡಿ. ಹೆಂಗಸರು ಕೈಮಗ್ಗದಲ್ಲಿ ನೇಯುವ, ಜಿಐ ಮಾನ್ಯತೆ ಪಡೆದ ಈ ಹತ್ತಿಯ ಹಾಸಿನಲ್ಲಿ ರೇಖಾಗಣಿತದ ಆಕಾರಗಳು, ನವಿಲು, ಪಗಡೆಹಾಸಿನ ಚಿತ್ತಾರಗಳು ಗಟ್ಟಿ ಬಣ್ಣಗಳಲ್ಲಿ ಬರುತ್ತವೆ. ಜುಂಗು ಇಲ್ಲದ ಸಪಾಟು ನೇಯ್ಗೆಯಾದ್ದರಿಂದ ಪುಡಿ, ಕೂದಲು ಒಳಗೆ ಇಳಿಯದೆ ಮೇಲೆಯೇ ನಿಂತು ಕೊಡವಿದರೆ ಉದುರುತ್ತವೆ. ಬೆಕ್ಕಿನ ಉಗುರು ಸಿಕ್ಕಿಕೊಂಡು ಎಳೆ ಕೀಳುವ ಭಯವೂ ಗುಂಗುರು ಎಳೆಯ ಕಾರ್ಪೆಟ್‌ಗಿಂತ ಕಡಿಮೆ. ಕೊಳ್ಳುವಾಗ ಬಣ್ಣ ಒತ್ತೊತ್ತಾಗಿ ಹೆಣೆದುಕೊಂಡಿರುವ ತುಂಡನ್ನು ಆರಿಸಿಕೊಳ್ಳಬೇಕು, ಅಷ್ಟೆ.

ಒಂದು ಮನೆಯ ಲೆಕ್ಕಾಚಾರ

ಬೆಂಗಳೂರಿನ ಒಂದು ಫ್ಲ್ಯಾಟನ್ನು ಕಲ್ಪಿಸಿಕೊಳ್ಳೋಣ. ಎರಡು ವರ್ಷದ ಮಗು, ಹೊಂಬಣ್ಣದ ಒಂದು ಲ್ಯಾಬ್ರಡಾರ್, ಕೆನೆ ಬಣ್ಣದ ಟೈಲ್ಸ್ ನೆಲ. ಕಾರ್ಪೆಟ್‌ಗೆ ಹೋಗುವ ಮೊದಲು ಈ ಮನೆಯವರು ಮಾಡಬೇಕಾದದ್ದು ನೆಲಕ್ಕೆ ಬೀಳುವ ವಸ್ತುಗಳ ಪಟ್ಟಿ. ತಿಳಿ ಬಣ್ಣದವು: ಹಾಲು, ಮೊಸರನ್ನ, ನಾಯಿಯ ಕೂದಲು. ಗಾಢವಾದವು: ರಾಗಿ ಗಂಜಿ, ಚಾಕೊಲೇಟ್, ವಾಕಿಂಗ್‌ನಿಂದ ಬಂದ ನಾಯಿಯ ಕಾಲಿನ ಕೆಮ್ಮಣ್ಣು. ನಡುವೆ ಸಾರು, ಪಲ್ಯದ ಅರಿಶಿನ.

ಈ ಪಟ್ಟಿಯಲ್ಲಿ ದಿನವೂ ಬೀಳುವುದು, ತೊಳೆದರೂ ಮತ್ತೆ ಬರುವುದು ನಾಯಿಯ ಕೂದಲು. ಆದ್ದರಿಂದ ಮೊದಲ ಬಣ್ಣ ಅದಕ್ಕೆ ಹೊಂದುವ ಗೋಧಿ ಅಥವಾ ಒಂಟೆಯ ಬಣ್ಣ. ಎರಡನೆಯದು ಕೆಮ್ಮಣ್ಣಿಗೆ ಹೊಂದುವ ಇಟ್ಟಿಗೆ ಕೆಂಪು ಅಥವಾ ಕಾವಿ. ಮೂರನೆಯದು ರಾಗಿ, ಚಾಕೊಲೇಟ್‌ಗಾಗಿ ನಡುಗಂದು. ಜೊತೆಗೆ ಅಲ್ಲಲ್ಲಿ ಸಾಸಿವೆ ಹಳದಿಯ ಎಳೆಗಳಿದ್ದರೆ ಅರಿಶಿನಕ್ಕೂ ಜಾಗ ಸಿಗುತ್ತದೆ. ಈ ನಾಲ್ಕೂ ಸಣ್ಣ ಚಿತ್ತಾರದಲ್ಲಿ ಬೆರೆತ ಹಾಸು ಆ ಮನೆಗೆ ಸರಿ. ಅದೇ ಮನೆಯಲ್ಲಿ ಕಪ್ಪು ನಾಯಿ ಇದ್ದಿದ್ದರೆ ಒಂಟೆ ಬಣ್ಣದ ಪಾಲು ಕಡಿಮೆ ಮಾಡಿ, ಕಪ್ಪು–ಬೂದು ಬೆರೆತ ನೂಲನ್ನು ಸೇರಿಸಬೇಕಿತ್ತು. ಎರೆಮಣ್ಣಿನ ಗದಗ, ವಿಜಯಪುರದ ಮನೆಯಾದರೆ ಇಟ್ಟಿಗೆ ಕೆಂಪಿನ ಬದಲು ಬೂದುಗಂದು ಹೆಚ್ಚು ಒಪ್ಪುತ್ತದೆ. ಒಬ್ಬರ ಮನೆಗೆ ಒಪ್ಪಿದ ಬಣ್ಣ ಪಕ್ಕದ ಮನೆಗೆ ಒಪ್ಪಬೇಕೆಂದಿಲ್ಲ.

ಅಂಗಡಿಯ ಬೆಳಕಿನಲ್ಲಿ ಈ ತೀರ್ಮಾನ ಮಾಡಬೇಡಿ. ಮಾದರಿಯ ತುಂಡು ಕೊಡುತ್ತಾರೆಯೇ ಕೇಳಿ. ಕೊಡದಿದ್ದರೆ ಅದೇ ಸರಣಿಯ ಚಿಕ್ಕ ಕಾಲೊರಸು ಸಿಕ್ಕರೆ ಅದನ್ನೇ ಕೊಳ್ಳಿ. ಮನೆಯ ನೆಲದ ಮೇಲೆ ಹಾಸಿ, ಕಸ ಗುಡಿಸಿದಾಗ ಸಿಕ್ಕ ಧೂಳನ್ನು ಒಂದು ಮೂಲೆಗೆ ಉದುರಿಸಿ. ನಾಯಿಯ ಬಾಚಣಿಗೆಯಲ್ಲಿ ಸಿಕ್ಕ ಕೂದಲು ಇನ್ನೊಂದು ಮೂಲೆಗೆ, ಅರ್ಧ ಚಮಚೆ ಹಾಲು, ಅರ್ಧ ಚಮಚೆ ಸಾರು ಉಳಿದೆರಡು ಮೂಲೆಗೆ. ಒಣಗಿದ ಮೇಲೆ ಬಗ್ಗದೆ, ನಿಂತಲ್ಲಿಂದಲೇ ನೋಡಿ. ಹಗಲಿನಲ್ಲಿ ಒಮ್ಮೆ, ರಾತ್ರಿ ದೀಪದಲ್ಲಿ ಒಮ್ಮೆ. ಮೊಬೈಲಿನಲ್ಲಿ ಫೋಟೊ ತೆಗೆದು ಕಪ್ಪುಬಿಳುಪಿಗೆ ಬದಲಿಸಿದರೆ ತಿಳಿ–ಗಾಢದ ಅಂತರ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಆ ಚಿತ್ರದಲ್ಲಿ ಯಾವ ಮೂಲೆ ಎದ್ದು ಕಾಣುತ್ತದೋ ಆ ಕೊಳೆಯನ್ನು ಈ ಹಾಸು ಮರೆಮಾಡಲಾರದು.

ಕೊನೆಗೆ ಬಿಳಿಯ ಒದ್ದೆ ಬಟ್ಟೆಯಿಂದ ತುಂಡನ್ನು ಉಜ್ಜಿ. ಬಟ್ಟೆಗೆ ಬಣ್ಣ ಹತ್ತಿದರೆ ಅದನ್ನು ಕೈಬಿಡಿ. ಬಣ್ಣ ಬಿಡುವ ಹಾಸನ್ನು ಪ್ರತಿ ಸಲ ಒರೆಸಿದಾಗಲೂ ಒಂದೊಂದು ಪೇಲವ ಮಚ್ಚೆ ಉಳಿಯುತ್ತದೆ.

ಬಣ್ಣಕ್ಕೆ ಸಾಧ್ಯವಿಲ್ಲದ್ದು

ಯಾವ ಬಣ್ಣವೂ ಮೂತ್ರಕ್ಕೆ ಪರಿಹಾರವಲ್ಲ. ನಾಯಿ, ಬೆಕ್ಕು, ಮಗುವಿನ ಮೂತ್ರ ಮೇಲ್ಗಡೆ ಒಣಗಿದರೂ ಅಡಿಯ ಪದರಕ್ಕೆ ಇಳಿದಿರುತ್ತದೆ. ದಿನ ಕಳೆದಂತೆ ಅಮೋನಿಯದ ವಾಸನೆ ಬರುತ್ತದೆ, ನೂಲಿನ ಬಣ್ಣವೂ ಕೆಡಬಹುದು. ಅದೇ ವಾಸನೆ ಹಿಡಿದು ಪ್ರಾಣಿ ಮತ್ತೆ ಅಲ್ಲಿಗೇ ಬರುತ್ತದೆ. ಕಲೆಯನ್ನು ಚೆನ್ನಾಗಿ ಮುಚ್ಚುವ ಹಾಸಿನಲ್ಲಿ ಇದು ಗೊತ್ತಾಗದೇ ಉಳಿಯುವ ಅಪಾಯ ಹೆಚ್ಚು. ಹಾಗಾಗಿ ಕಣ್ಣನ್ನು ನಂಬದೆ ಕೈಯಿಂದ ಮುಟ್ಟಿ, ಮೂಸಿ ನೋಡುವುದು ಅಭ್ಯಾಸವಾಗಬೇಕು. ಅನುಮಾನವಿದ್ದರೆ ಕತ್ತಲೆ ಮಾಡಿ ಯುವಿ ಟಾರ್ಚ್ ಹಿಡಿಯಿರಿ; ಒಣಗಿದ ಮೂತ್ರದ ಕಲೆ ಸಾಮಾನ್ಯವಾಗಿ ಹೊಳೆಯುತ್ತದೆ. ಇದಕ್ಕೆಂದೇ ಎಂಜೈಮ್ ಇರುವ ಕ್ಲೀನರ್‌ಗಳು ಸಿಗುತ್ತವೆ. ಅಮೋನಿಯ ಇರುವ ಕ್ಲೀನರ್ ಬಳಸಿದರೆ ಪ್ರಾಣಿಗೆ ಮತ್ತೆ ಅದೇ ಜಾಗಕ್ಕೆ ಆಹ್ವಾನ ಕೊಟ್ಟಂತೆ.

ಅರಿಶಿನದ ಸ್ವಭಾವವನ್ನೂ ತಿಳಿದಿರಬೇಕು. ಅದರಲ್ಲಿರುವ ಕರ್ಕ್ಯುಮಿನ್‌ಗೆ ಕ್ಷಾರದ ಸೋಪು ತಾಗಿದರೆ ಹಳದಿ ಹೋಗಿ ಕೆಂಪಾಗುತ್ತದೆ. ಕಲೆ ದೊಡ್ಡದಾಯಿತೆಂದು ಗಾಬರಿಯಾಗಿ ತಿಕ್ಕಿದರೆ ಇನ್ನಷ್ಟು ಹರಡುತ್ತದೆ. ಬಿದ್ದ ಕೂಡಲೇ ಚಮಚೆಯಿಂದ ಎತ್ತಿ, ಬಟ್ಟೆಯನ್ನು ಒತ್ತಿ ಹೀರಿಸಿ, ಆಮೇಲೆ ಮೃದುವಾದ ಸೋಪಿನ ನೀರು ಹಾಕಿ ಮತ್ತೆ ಒತ್ತಬೇಕು. ಉಳಿದ ಹಳದಿ ಬಿಸಿಲಿಗೆ ಹಾಕಿದರೆ ಮಾಸುತ್ತದೆ. ಸೋಪಿನ ಅಂಶ ಹಾಸಿನಲ್ಲಿ ಉಳಿಯದಂತೆ ಬರೀ ನೀರಿನ ಬಟ್ಟೆಯಿಂದ ಮತ್ತೊಮ್ಮೆ ಒರೆಸುವುದನ್ನು ಮರೆಯಬೇಡಿ. ಉಳಿದ ಸೋಪು ಜಿಗುಟಾಗಿ ಧೂಳನ್ನು ಹಿಡಿದು, ಕೆಲವು ವಾರಗಳಲ್ಲಿ ಅದೇ ಜಾಗ ಮತ್ತೆ ಕಪ್ಪಾಗುತ್ತದೆ.

ಇನ್ನು ವಸ್ತುವಿನ ವಿಷಯ. ಸೆಣಬಿನ ಹಾಸಿನ ಬಣ್ಣ ಮಣ್ಣನ್ನು ಮುಚ್ಚಲು ಹೇಳಿ ಮಾಡಿಸಿದಂತಿದ್ದರೂ, ಬರೀ ನೀರು ಚೆಲ್ಲಿದರೂ ಒಣಗುವಾಗ ಕಂದು ಕಲೆಯಾಗುತ್ತದೆ. ರೇಷ್ಮೆಯಂತೆ ಹೊಳೆಯುವ ವಿಸ್ಕೋಸ್ ಕೂಡ ನೀರಿಗೆ ಹಳದಿಯಾಗುತ್ತದೆ. ಇವೆರಡೂ ಮಗು, ನಾಯಿ ಓಡಾಡುವ ಕೋಣೆಗೆ ಬೇಡ. ಉಣ್ಣೆ, ಹತ್ತಿ, ಪಾಲಿಪ್ರೊಪಿಲೀನ್ ಪರವಾಗಿಲ್ಲ. ಆದರೆ ಉಣ್ಣೆಗೆ ಬ್ಲೀಚ್ ಸೋಕಿಸಲೇಬಾರದು.

ಬಣ್ಣ ಮರೆಮಾಡಬೇಕಾದದ್ದು ಸ್ವಚ್ಛಗೊಳಿಸಿದ ಮೇಲೂ ಉಳಿಯುವ ನೆರಳನ್ನು ಮಾತ್ರ. ಮಗು ಅಂಬೆಗಾಲಿಡುವ, ಬಿದ್ದ ತಿನಿಸನ್ನು ಹೆಕ್ಕಿ ಬಾಯಿಗಿಡುವ ಜಾಗ ಅದು. ಆದ್ದರಿಂದ ನಡುಮಟ್ಟದ, ಸಣ್ಣ ಚಿತ್ತಾರದ, ನಿಮ್ಮ ಮನೆಯ ಮಣ್ಣು ಮತ್ತು ನಿಮ್ಮ ಪ್ರಾಣಿಯ ಕೂದಲಿಗೆ ಹೊಂದುವ ಹಾಸನ್ನು ತನ್ನಿ. ಮತ್ತು ಕೊಳೆ ಕಾಣದಿದ್ದರೂ ವ್ಯಾಕ್ಯೂಮ್ ಮಾಡುವ, ಕೊಡವುವ, ಬಿಸಿಲಿಗೆ ಹಾಕುವ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ.