ಹಿಡಿದೆಯಾ? ಹಿಡಿದೆ, ಬಿಡು

ಮನೆಗೆ ತಾರಸಿ ಹಾಕುವ ದಿನ ಕಾಂಕ್ರೀಟ್ ತುಂಬಿದ ಬಾಣಲಿಗಳು ಕೈಯಿಂದ ಕೈಗೆ ಏರಿಹೋಗುವುದನ್ನು ನೋಡದವರು ಕಡಿಮೆ. ಕೆಳಗಿನವನು ಎತ್ತಿಕೊಡುತ್ತಾನೆ, ಮೇಲಿನವನು ಹಿಡಿಯುತ್ತಾನೆ. ನಡುವೆ ಅರೆಕ್ಷಣ ಬಾಣಲಿ ಇಬ್ಬರ ಕೈಯಲ್ಲೂ ಇರುತ್ತದೆ. ಮೇಲಿನ ಕೈಯ ಹಿಡಿತ ಬಿಗಿಯಾದದ್ದು ಕೆಳಗಿನವನ ಬೆರಳಿಗೆ ತಿಳಿಯುತ್ತದೆ. ಆಮೇಲೆಯೇ ಆತ ಕೈ ಬಿಡುತ್ತಾನೆ.

ಕಾರ್ಖಾನೆಯ ರೋಬೋಟ್‌ಗೆ ಆ ಬೆರಳಿನ ಅರಿವಿಲ್ಲ. ಬೆಂಗಳೂರಿನ ಪೀಣ್ಯದಂಥ ಪ್ರದೇಶದ ಒಂದು ಯಂತ್ರಶಾಲೆಯಲ್ಲಿ ಸಿಎನ್‌ಸಿ ಲೇತ್ ಇದೆ ಎಂದುಕೊಳ್ಳೋಣ. ಕನ್ವೇಯರ್ ಮೇಲೆ ನಾಲ್ಕು ಕಿಲೋ ತೂಕದ ಉಕ್ಕಿನ ಬಿಲ್ಲೆಗಳು ಬರುತ್ತವೆ. ಮುಂದೆ ಗೇರ್ ಆಗಬೇಕಾದ ಈ ತುಂಡುಗಳನ್ನು ಅಲ್ಲಿನವರು ‘ಜಾಬ್’ ಎನ್ನುತ್ತಾರೆ. ರೋಬೋಟ್ ತನ್ನ ಗ್ರಿಪ್ಪರ್‌ನಿಂದ ಜಾಬ್ ಎತ್ತಿ ಲೇತಿನ ಚಕ್ಕಿಗೆ ಕೊಡಬೇಕು, ಚಕ್ ಅದನ್ನು ಕಚ್ಚಿ ಹಿಡಿಯಬೇಕು. ಕನ್ವೇಯರ್, ಬಾಗಿಲು, ಚಕ್ ಇವನ್ನೆಲ್ಲ ಹೊಂದಿಸಿ ನಡೆಸುವುದು ಪಿಎಲ್‌ಸಿ ಎಂಬ ನಿಯಂತ್ರಕ ಪೆಟ್ಟಿಗೆ. ಅದಕ್ಕೂ ರೋಬೋಟ್‌ಗೂ ನಡುವೆ ನಡೆಯುವ ‘ಹಿಡಿದೆಯಾ’, ‘ಹಿಡಿದೆ, ಬಿಡು’ ಎಂಬ ಮಾತುಕತೆಯೇ ಹ್ಯಾಂಡ್‌ಶೇಕ್. ಮಾತು ಅಂದರೆ ಒಂದು ತಂತಿಯಲ್ಲಿ 24 ವೋಲ್ಟ್ ಇದೆಯೋ ಇಲ್ಲವೋ ಎಂಬುದಷ್ಟೇ. ಈಗ ಹಲವು ತಂತಿಗಳ ಬದಲು ಒಂದೇ ನೆಟ್‌ವರ್ಕ್ ಕೇಬಲ್ ಇರಬಹುದು, ಆದರೂ ಅದರೊಳಗೆ ಹರಿಯುವುದು ಅದೇ ಹೌದು, ಇಲ್ಲ.

ಇವೆರಡೂ ಬೇರೆ ಬೇರೆ ಮನೆಯಲ್ಲಿ ಹುಟ್ಟಿದ ಯಂತ್ರಗಳು. 1961ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಜನರಲ್ ಮೋಟಾರ್ಸ್ ಕಾರ್ಖಾನೆಯಲ್ಲಿ ಕೆಲಸಕ್ಕೆ ನಿಂತ ಯುನಿಮೇಟ್ ಎಂಬ ರೋಬೋಟ್, ಅಚ್ಚಿನಿಂದ ಬಿಸಿಬಿಸಿ ಎರಕದ ಭಾಗಗಳನ್ನು ಹೊರತೆಗೆಯುತ್ತಿತ್ತು. ಅದೇ ಕಂಪನಿ ಆ ದಶಕದ ಕೊನೆಯಲ್ಲಿ ಗೋಡೆಯುದ್ದದ ರಿಲೇ ಪ್ಯಾನೆಲ್‌ಗಳ ಬದಲಿಗೆ ಸುಲಭವಾಗಿ ತಿದ್ದಬಹುದಾದ ಸಾಧನ ಬೇಕೆಂದಿತು. ಡಿಕ್ ಮಾರ್ಲಿ ಮತ್ತು ಸಂಗಡಿಗರು ತಂದ ಮೋಡಿಕಾನ್ 084 ಪಿಎಲ್‌ಸಿ ಬಂದದ್ದು ಹಾಗೆ. ರೋಬೋಟ್‌ಗೆ ತನ್ನದೇ ಪ್ರೋಗ್ರಾಮ್, ತನ್ನದೇ ಲಯ, ಪಿಎಲ್‌ಸಿಗೆ ಅದರದ್ದೇ. ಒಂದರ ಮನಸ್ಸಿನಲ್ಲಿರುವುದು ಇನ್ನೊಂದಕ್ಕೆ ತಾನಾಗಿ ಗೊತ್ತಾಗದು.

ಲಯದ ಈ ವ್ಯತ್ಯಾಸವೇ ಮೊದಲ ತೊಡಕು. ಪಿಎಲ್‌ಸಿ ಎಲ್ಲ ತಂತಿಗಳನ್ನೂ ಸದಾ ನೋಡುತ್ತಿರುವುದಿಲ್ಲ. ಒಮ್ಮೆ ಎಲ್ಲವನ್ನೂ ಓದುತ್ತದೆ, ತನ್ನ ಪ್ರೋಗ್ರಾಮ್ ನಡೆಸುತ್ತದೆ, ಆದೇಶ ಹೊರಡಿಸುತ್ತದೆ, ಮತ್ತೆ ಓದುತ್ತದೆ. ಒಂದು ಸುತ್ತಿಗೆ ಹತ್ತು ಮಿಲಿಸೆಕೆಂಡು ಹಿಡಿಯುತ್ತದೆ ಎಂದಿಟ್ಟುಕೊಳ್ಳಿ. ರೋಬೋಟ್ ‘ತಗೊಂಡೆ’ ಎಂದು ಐದು ಮಿಲಿಸೆಕೆಂಡು ಮಾತ್ರ ಸಂಕೇತ ಕೊಟ್ಟು ಸುಮ್ಮನಾದರೆ, ಎರಡು ಓದಿನ ನಡುವೆ ಅದು ಬಂದು ಹೋಗಿಬಿಡಬಹುದು. ಪಿಎಲ್‌ಸಿ ಕಾಯುತ್ತಲೇ ಇರುತ್ತದೆ, ರೋಬೋಟ್ ಮುಂದಕ್ಕೆ ಹೋಗಿರುತ್ತದೆ. ಈ ತಪ್ಪು ಪ್ರತಿಸಲ ಕಾಣಿಸುವುದಿಲ್ಲ. ಬೆಳಗಿನಿಂದ ಸರಿಯಾಗಿ ನಡೆದ ಲೈನ್ ಸಂಜೆ ಕಾರಣವಿಲ್ಲದೆ ನಿಂತಿತು ಎಂಬ ದೂರು ಬಂದರೆ ಅನುಭವಿಗಳು ಮೊದಲು ಅನುಮಾನಿಸುವುದು ಇಂಥ ಗಳಿಗೆಯ ಸಂಕೇತಗಳನ್ನೇ.

ಹೊಲದ ಆಚೆ ಇರುವವರನ್ನು ಕೂಗುವವರು ಅಲ್ಲಿಂದ ‘ಓ’ ಎಂಬ ದನಿ ಕೇಳುವವರೆಗೂ ಕೂಗುತ್ತಿರುತ್ತಾರೆ. ಪರಿಹಾರವೂ ಅದೇ. ಪಿಎಲ್‌ಸಿ ‘ಜಾಬ್ ತಯಾರಿದೆ’ ಎಂಬ ಸಂಕೇತವನ್ನು ಎತ್ತಿ ಹಿಡಿಯುತ್ತದೆ. ರೋಬೋಟ್ ಜಾಬ್ ಎತ್ತಿಕೊಂಡು ‘ತಗೊಂಡೆ’ ಎಂಬ ತನ್ನ ಸಂಕೇತವನ್ನು ಎತ್ತುತ್ತದೆ. ಅದನ್ನು ಕಂಡ ಪಿಎಲ್‌ಸಿ ತನ್ನದನ್ನು ಇಳಿಸುತ್ತದೆ. ಅದು ಇಳಿದದ್ದನ್ನು ಕಂಡು ರೋಬೋಟ್ ತನ್ನದನ್ನೂ ಇಳಿಸುತ್ತದೆ. ಈ ನಾಲ್ಕು ಹೆಜ್ಜೆಗಳಲ್ಲಿ ಯಾರೂ ಇನ್ನೊಬ್ಬರ ಉತ್ತರ ನೋಡದೆ ಮುಂದೆ ಹೋಗುವಂತಿಲ್ಲ. ಆದ್ದರಿಂದ ಒಬ್ಬರು ನಿಧಾನ, ಒಬ್ಬರು ಚುರುಕು ಎಂಬುದರಿಂದ ತೊಂದರೆಯಾಗದು.

ಅವಸರದಲ್ಲಿ ಬರೆದ ಪ್ರೋಗ್ರಾಮ್‌ಗಳಲ್ಲಿ ಬಿಟ್ಟುಹೋಗುವುದು ನಾಲ್ಕನೆಯ ಹೆಜ್ಜೆ. ರೋಬೋಟ್‌ನ ‘ತಗೊಂಡೆ’ ಇಳಿಯದೆ ಹಾಗೇ ಉಳಿಯಿತು ಎನ್ನಿ. ಮುಂದಿನ ಜಾಬ್ ಬರುತ್ತದೆ, ಪಿಎಲ್‌ಸಿ ‘ತಯಾರಿದೆ’ ಎನ್ನುತ್ತದೆ, ಮರುಕ್ಷಣವೇ ಹಳೆಯ ‘ತಗೊಂಡೆ’ ಕಣ್ಣಿಗೆ ಬೀಳುತ್ತದೆ. ಜಾಬ್ ಹೋಯಿತೆಂದು ತಿಳಿದು ಅದು ಕನ್ವೇಯರ್ ಓಡಿಸುತ್ತದೆ. ಆ ಹೊತ್ತಿಗೆ ರೋಬೋಟ್‌ನ ಬೆರಳುಗಳು ಅದೇ ಜಾಬ್‌ನತ್ತ ಇಳಿಯುತ್ತಿರುತ್ತವೆ.

ಇನ್ನು, ‘ತಗೊಂಡೆ’ ಎಂದು ರೋಬೋಟ್ ಹೇಳಬೇಕಾದದ್ದು ಯಾವಾಗ? ಗ್ರಿಪ್ಪರ್‌ಗೆ ಮುಚ್ಚಿಕೋ ಎಂಬ ಆದೇಶ ಕೊಟ್ಟಾಗ ಅಲ್ಲ. ಆದೇಶ ಹೋದರೂ ಗಾಳಿಯ ಒತ್ತಡ ಕಡಿಮೆಯಿದ್ದರೆ ಬೆರಳು ಅಲುಗದು, ಜಾಬ್ ಓರೆಯಾಗಿದ್ದರೆ ಬೆರಳುಗಳು ಬರಿಗೈಯಲ್ಲೇ ಮುಚ್ಚಿಕೊಳ್ಳಬಹುದು. ಅದಕ್ಕೇ ಗ್ರಿಪ್ಪರ್‌ನ ಸಿಲಿಂಡರಿಗೆ ಸೆನ್ಸರ್ ಕೂರಿಸಿ ಮೂರು ಸ್ಥಿತಿಗಳನ್ನು ಬೇರೆ ಮಾಡಿ ಓದುತ್ತಾರೆ: ಪೂರ್ತಿ ತೆರೆದಿದೆ, ಜಾಬ್ ಹಿಡಿದು ನಡುವೆ ನಿಂತಿದೆ, ಏನೂ ಇಲ್ಲದೆ ಪೂರ್ತಿ ಮುಚ್ಚಿದೆ. ಎರಡನೆಯ ಸ್ಥಿತಿ ಕಂಡು, ಜಾಬ್ ಕನ್ವೇಯರ್‌ನಿಂದ ಮೇಲೆದ್ದ ಮೇಲೆಯೇ ‘ತಗೊಂಡೆ’ ಎನ್ನಬೇಕು. ಸಂಕೇತ ಹೇಳಬೇಕಾದದ್ದು ನಡೆದದ್ದನ್ನು, ನಡೆಯಲಿ ಎಂದುಕೊಂಡದ್ದನ್ನಲ್ಲ.

ಕೊಡುವಾಗ ಸೂಕ್ಷ್ಮ ಹೆಚ್ಚು. ಲೇತಿನ ಬಾಗಿಲು ತೆರೆದಿದೆ, ಚಕ್ ತೆರೆದಿದೆ, ತಿರುಗುವುದು ಪೂರ್ತಿ ನಿಂತಿದೆ ಎಂಬ ಮೂರು ಮಾತೂ ಖಚಿತವಾದ ಮೇಲೆ ರೋಬೋಟ್ ಒಳಗೆ ಕೈ ಚಾಚುತ್ತದೆ. ಜಾಬ್ ಅನ್ನು ಚಕ್ಕಿನ ತಳಕ್ಕೆ ಒತ್ತಿ ಹಿಡಿದು ‘ಇಟ್ಟಿದ್ದೇನೆ, ಹಿಡಿ’ ಎನ್ನುತ್ತದೆ. ಆದರೆ ಬೆರಳು ಸಡಿಲಿಸುವುದಿಲ್ಲ. ಫಾನುಕ್ ರೋಬೋಟ್‌ನಲ್ಲಿ ಈ ಗಳಿಗೆ ಹೀಗೆ ಕಾಣುತ್ತದೆ:

```
DO[11]=ON
WAIT DI[12]=ON TIMEOUT,LBL[90]
CALL GRIP_OPEN
```

ಮೊದಲ ಸಾಲು ‘ಹಿಡಿ’ ಎಂಬ ಸಂಕೇತ. ಎರಡನೆಯದು ಚಕ್‌ನಿಂದ ‘ಹಿಡಿದೆ’ ಎಂಬ ಉತ್ತರಕ್ಕೆ ಕಾಯುವ ಸಾಲು. ಉತ್ತರ ಬರದಿದ್ದರೆ ತೊಂದರೆ ನಿಭಾಯಿಸುವ ಭಾಗಕ್ಕೆ ಹೋಗು ಎಂಬ ಸೂಚನೆಯೂ ಅಲ್ಲೇ ಇದೆ. ಮೂರನೆಯದು ಗ್ರಿಪ್ಪರ್ ತೆರೆಯುವ ಚಿಕ್ಕ ಪ್ರೋಗ್ರಾಮನ್ನು ಕರೆಯುತ್ತದೆ. ಎಷ್ಟು ಹೊತ್ತು ಕಾಯಬೇಕು ಎಂಬುದು `$WAITTMOUT` ಎಂಬ ಅಂಕಿಯಲ್ಲಿರುತ್ತದೆ. ಅದನ್ನು ಮುಟ್ಟದೆ ಬಿಟ್ಟರೆ ಮೂವತ್ತು ಸೆಕೆಂಡು. ಕ್ಷಣಮಾತ್ರದಲ್ಲಿ ಮುಚ್ಚುವ ಚಕ್ಕಿಗೆ ಅಷ್ಟು ಬೇಡ, ಮೂರು ಸೆಕೆಂಡು ಸಾಕು. ಕಾಯುವುದಕ್ಕೆ ಒಂದು ಮಿತಿಯನ್ನೇ ಇಡದ ಪ್ರೋಗ್ರಾಮ್ ಮಾತ್ರ ಆಪರೇಟರ್‌ಗೆ ದೊಡ್ಡ ಸಂಕಟ. ಯಂತ್ರ ಸುಮ್ಮನೆ ನಿಂತಿರುತ್ತದೆ, ಯಾವುದಕ್ಕೆ ಕಾಯುತ್ತಿದೆ ಎಂದು ಪರದೆ ಹೇಳುವುದಿಲ್ಲ.

ಚಕ್ ‘ಹಿಡಿದೆ’ ಎಂದರೂ ಒಂದು ಅನುಮಾನ ಉಳಿಯುತ್ತದೆ. ಹಿಂದಿನ ಕೆಲಸದ ಚಿಪ್ಸ್ ಚಕ್ಕಿನ ತಳದಲ್ಲಿ ಸಿಕ್ಕಿಕೊಂಡಿದ್ದರೆ ಜಾಬ್ ಓರೆಯಾಗಿ ಕೂತಿರುತ್ತದೆ. ಒತ್ತಡ ಸರಿಯಾಗಿಯೇ ಬರುತ್ತದೆ, ಆದರೆ ಕೊರೆದ ಜಾಬ್ ತಿಪ್ಪೆಗೆ. ಇದನ್ನು ಪತ್ತೆಹಚ್ಚಲು ತಳದಲ್ಲಿ ಸಣ್ಣ ರಂಧ್ರವಿಟ್ಟು ಗಾಳಿ ಹಾಯಿಸುವ ಪದ್ಧತಿಯಿದೆ. ಜಾಬ್ ಸಮನಾಗಿ ಕೂತರೆ ರಂಧ್ರ ಮುಚ್ಚಿ ಒತ್ತಡ ಏರುತ್ತದೆ, ಸಂದಿಯಿದ್ದರೆ ಗಾಳಿ ಸೋರಿ ಒತ್ತಡ ಏರದು. ಈ ಉತ್ತರವೂ ಬಂದ ಮೇಲೆ ಗ್ರಿಪ್ಪರ್ ತೆರೆಯುತ್ತದೆ, ರೋಬೋಟ್ ಹೊರಬಂದು ‘ನಾನು ಆಚೆ ಇದ್ದೇನೆ’ ಎನ್ನುತ್ತದೆ, ಬಾಗಿಲು ಮುಚ್ಚುತ್ತದೆ.

ಈಗ ನಡುವೆ ಕರೆಂಟ್ ಹೋಯಿತು ಎನ್ನಿ.

ಮೊದಲ ಪ್ರಶ್ನೆ, ಗ್ರಿಪ್ಪರ್‌ನಲ್ಲಿರುವ ನಾಲ್ಕು ಕಿಲೋ ಉಕ್ಕು ಬೀಳುತ್ತದೆಯೇ ಎಂಬುದು. ಒಂದೇ ಕಾಯಿಲ್‌ನ ವಾಲ್ವ್ ಆದರೆ ಕರೆಂಟ್ ಹೋದೊಡನೆ ಸ್ಪ್ರಿಂಗ್ ಅದನ್ನು ಹಿಂದಕ್ಕೆ ತಳ್ಳುತ್ತದೆ. ಆ ಹಿಂದಿನ ಸ್ಥಿತಿ ‘ತೆರೆ’ ಎಂದಿದ್ದರೆ ಜಾಬ್ ನೆಲಕ್ಕೆ. ಎರಡು ಕಾಯಿಲ್‌ಗಳ ವಾಲ್ವ್ ಕೊನೆಯ ಆದೇಶದ ಜಾಗದಲ್ಲೇ ಉಳಿಯುತ್ತದೆ. ಗಾಳಿಯೇ ಸೋರಿಹೋದರೂ ಹಿಡಿತ ನಿಲ್ಲಲಿ ಎಂದು ಬೆರಳಿಗೆ ಸ್ಪ್ರಿಂಗ್ ಬಲ ಕೊಟ್ಟ ಗ್ರಿಪ್ಪರ್‌ಗಳೂ ಇವೆ. ಈ ಆಯ್ಕೆ ಯಂತ್ರ ಕೊಳ್ಳುವಾಗಲೇ ಆಗಬೇಕು, ಪ್ರೋಗ್ರಾಮ್ ಬರೆದು ಸರಿಪಡಿಸುವಂಥದ್ದಲ್ಲ.

ಎರಡನೆಯ ಪ್ರಶ್ನೆ ಕಠಿಣ. ಕರೆಂಟ್ ಬಂದಾಗ ಜಾಬ್ ಯಾರ ಕೈಯಲ್ಲಿದೆ? ಹಿಂದೆ ಯಾವ ಹೆಜ್ಜೆಯಲ್ಲಿದ್ದೆವು ಎಂಬುದನ್ನು ಪಿಎಲ್‌ಸಿಯ ಅಳಿಯದ ಸ್ಮರಣೆಯಲ್ಲಿ ಬರೆದಿಟ್ಟಿರಬಹುದು. ಆದರೆ ಅಷ್ಟರಲ್ಲಿ ಆಪರೇಟರ್ ಜಾಬ್ ಅನ್ನು ಕೈಯಾರೆ ತೆಗೆದಿಟ್ಟಿದ್ದರೆ ಆ ಸ್ಮರಣೆ ಸುಳ್ಳು. ಹಾಗಾಗಿ ಸೆನ್ಸರ್‌ಗಳನ್ನು ಮತ್ತೆ ಕೇಳಬೇಕು. ಗ್ರಿಪ್ಪರ್‌ನಲ್ಲಿ ಜಾಬ್ ಇದ್ದು ಚಕ್ ಖಾಲಿಯಿದ್ದರೆ ಕೊಡುವ ಕೆಲಸವನ್ನು ಮೊದಲಿನಿಂದ ಮಾಡಬಹುದು. ಗ್ರಿಪ್ಪರ್ ಖಾಲಿ, ಚಕ್ ತುಂಬಿದೆ ಎಂದರೆ ಕೊಟ್ಟಾಗಿದೆ, ರೋಬೋಟ್ ನಿಧಾನವಾಗಿ ಹೊರಬಂದರಾಯಿತು. ಎರಡೂ ಖಾಲಿಯಾದರೆ ಜಾಬ್ ಎಲ್ಲೋ ಬಿದ್ದಿದೆ ಅಥವಾ ಯಾರೋ ತೆಗೆದಿದ್ದಾರೆ. ಯಂತ್ರ ತಾನಾಗಿ ಮುಂದುವರಿಯದೆ ಮನುಷ್ಯರನ್ನು ಕರೆಯಬೇಕು.

ಎರಡೂ ತುಂಬಿದ್ದರೆ? ಒಂದೇ ಜಾಬ್ ಇಬ್ಬರ ಕೈಯಲ್ಲೂ ಇರುವ ಆ ಅರೆಕ್ಷಣದಲ್ಲಿ ನಿಂತಿರಬಹುದು. ಇಲ್ಲವೇ ಎರಡು ಬೇರೆ ಜಾಬ್‌ಗಳಿರಬಹುದು. ಸೆನ್ಸರ್‌ಗಳ ಉತ್ತರ ಎರಡು ಪ್ರಸಂಗಕ್ಕೂ ಒಂದೇ. ಬಿಡಿಸಿ ಹೇಳುವುದು ರೋಬೋಟ್ ನಿಂತಿರುವ ಜಾಗ. ಕೈ ಚಕ್ಕಿನ ಎದುರೇ ಇದ್ದರೆ ಅದೇ ಜಾಬ್. ಚಕ್ ಬಿಗಿ ಹಿಡಿದದ್ದನ್ನು ಇನ್ನೊಮ್ಮೆ ಕೇಳಿ ಗ್ರಿಪ್ಪರ್ ಬಿಡಬಹುದು. ಕೈ ಲೇತಿನ ಹೊರಗಿದ್ದರೆ ಅದು ಎರಡನೆಯ ಜಾಬ್. ಇದನ್ನು ನೋಡದೆ ಪ್ರೋಗ್ರಾಮ್ ಅನ್ನು ಮೊದಲಿನಿಂದ ಶುರುಮಾಡಿದರೆ ತುಂಬಿದ ಚಕ್ಕಿಗೆ ಇನ್ನೊಂದು ಜಾಬ್ ಗುದ್ದುತ್ತದೆ. ಗ್ರಿಪ್ಪರ್ ಬಾಗುತ್ತದೆ, ಚಕ್ಕಿನ ನೇರ ಕೆಡುತ್ತದೆ.

ಬಿದ್ದ ಜಾಬ್ ಎತ್ತಲು ಹೋಗುವವರ ಜೀವದ ಹೊಣೆಯನ್ನು ಈ ಹ್ಯಾಂಡ್‌ಶೇಕ್ ಸಂಕೇತಗಳ ಮೇಲೆ ಹಾಕುವಂತಿಲ್ಲ. 1979ರ ಜನವರಿ 25ರಂದು ಅಮೆರಿಕದ ಮಿಷಿಗನ್ ರಾಜ್ಯದ ಫ್ಲ್ಯಾಟ್ ರಾಕ್‌ನಲ್ಲಿ, ಎರಕದ ಭಾಗಗಳನ್ನು ತರಲು ದಾಸ್ತಾನಿನ ಕಪಾಟು ಹತ್ತಿದ್ದ ರಾಬರ್ಟ್ ವಿಲಿಯಮ್ಸ್ ಎಂಬ ಕಾರ್ಮಿಕ ರೋಬೋಟ್ ತೋಳಿನ ಏಟಿಗೆ ಸತ್ತರು. ಬೇಲಿಯ ಬಾಗಿಲು ತೆರೆದರೆ ಚಲನೆ ನಿಲ್ಲಿಸುವ ವ್ಯವಸ್ಥೆ ಜೋಡಿ ತಂತಿಗಳ ಪ್ರತ್ಯೇಕ ಸುರಕ್ಷತಾ ಸರ್ಕ್ಯೂಟ್‌ನಲ್ಲಿರಬೇಕು. ದೋಷ ಅಳಿಸುವ ಗುಂಡಿಯೇ ರೋಬೋಟ್ ಅನ್ನು ಓಡಿಸಲೂಬಾರದು. ರೀಸೆಟ್ ಒಂದು, ಸ್ಟಾರ್ಟ್ ಇನ್ನೊಂದು. ಎರಡರ ನಡುವೆ ಬೇಲಿಯೊಳಗೆ ಯಾರೂ ಇಲ್ಲವೆಂದು ಕಣ್ಣಿನಿಂದ ನೋಡಬೇಕು.

ಹೊಸ ರೋಬೋಟ್ ಕೂರಿಸಿಕೊಂಡವರು ಬಿಲ್ಲಿಗೆ ಸಹಿ ಹಾಕುವ ಮುನ್ನ ಅದನ್ನು ಕೂರಿಸಿದವರನ್ನು ಜೊತೆಗೆ ನಿಲ್ಲಿಸಿಕೊಂಡು ಅರ್ಧ ದಿನ ಮೀಸಲಿಡಲಿ. ಬೇಲಿಯ ಹೊರಗೇ ನಿಂತು, ಎತ್ತುವ, ಒಯ್ಯುವ, ಕೊಡುವ, ಬಿಡುವ ಪ್ರತಿ ಹೆಜ್ಜೆಯಲ್ಲೂ ಒಮ್ಮೆ ಮೇನ್ ಸ್ವಿಚ್ ಆರಿಸಲಿ, ಒಮ್ಮೆ ಗಾಳಿಯ ವಾಲ್ವ್ ಮುಚ್ಚಲಿ. ಜಾಬ್ ಬಿತ್ತೇ, ಯಾವುದಕ್ಕೆ ಕಾಯುತ್ತಿದೆ ಎಂದು ಪರದೆ ಹೇಳಿತೇ, ಆಪರೇಟರ್ ಒಬ್ಬರೇ ಲೈನ್ ಮತ್ತೆ ಓಡಿಸಲು ಆಯಿತೇ ಎಂದು ಬರೆದುಕೊಳ್ಳಲಿ. ಮೂರರಲ್ಲಿ ಒಂದಕ್ಕೆ ಉತ್ತರ ಸರಿ ಬರದಿದ್ದರೂ ಕೆಲಸ ಇನ್ನೂ ಮುಗಿದಿಲ್ಲ.